ಮಿಕ್ಸಿ ಮನೆಗೆ ಬಂತು, ಬ್ಯಾಟರಿಗೆ ಮಾತ್ರ ‘ಡೆಲಿವರಿ ಇಲ್ಲ’ ಅಂತಿದೆ. ಯಾಕೆ?

ಪ್ರಶ್ನೆ, ಸಿದ್ದಾಪುರ ತಾಲೂಕಿನಿಂದ: ಮಳೆಗಾಲಕ್ಕೆ ಮುಂಚೆ ಇನ್ವರ್ಟರ್‌ಗೆ ಹೊಸ ಬ್ಯಾಟರಿ ಬೇಕಿತ್ತು, 150 ಎಎಚ್‌ದು. ಆನ್‌ಲೈನ್‌ನಲ್ಲಿ ಆರಿಸಿ, ವಿಳಾಸ ಕೊಟ್ಟು, ದುಡ್ಡು ಕಟ್ಟುವ ಹೊತ್ತಿಗೆ ‘ಈ ಪಿನ್‌ಕೋಡ್‌ಗೆ ಡೆಲಿವರಿ ಇಲ್ಲ’ ಅಂತ ಬಂತು. ನಮ್ಮದು 581355. ಹೋದ ವಾರ ಇದೇ ಆ್ಯಪ್‌ನಿಂದ ಮಿಕ್ಸಿ ಮನೆ ಬಾಗಿಲಿಗೇ ಬಂದಿದೆ. ತಂಗಿ ಶಿರಸಿಯಲ್ಲಿದ್ದಾಳೆ. ಅವಳ ಪಿನ್‌ಕೋಡ್ ಹಾಕಿ ನಮ್ಮ ವಿಳಾಸ ಬರೆದರೆ ಆಗುತ್ತಾ?

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ: ನಿಮ್ಮ ಪಿನ್‌ಕೋಡ್ ಬ್ಲಾಕ್ ಆಗಿದೆ. ಕ್ಯಾಶ್ ಆನ್ ಡೆಲಿವರಿ ಹಾಕಿಸಿಕೊಂಡು ಆಮೇಲೆ ಬೇಡ ಅನ್ನುವವರು ಜಾಸ್ತಿಯಾದರೆ ಹೀಗೆ ಮಾಡುತ್ತಾರೆ. ಶಿರಸಿಯ 581401 ಹಾಕಿ, ಕೆಳಗೆ ನಿಮ್ಮ ಊರಿನ ಹೆಸರು ಬರೆಯಿರಿ. ಡೆಲಿವರಿ ಹುಡುಗ ಫೋನ್ ಮಾಡಿದಾಗ ದಾರಿ ಹೇಳಿದರಾಯಿತು.

ಉತ್ತರ, ಶಿರಸಿಯಲ್ಲಿ ಒಂಬತ್ತು ವರ್ಷ ಡೆಲಿವರಿ ಹಬ್ ನಡೆಸಿದವರು: ಅಕ್ಕ, ಹಾಗೆ ಮಾತ್ರ ಮಾಡಬೇಡಿ. ಪಾರ್ಸೆಲ್ ಹೋಗುವುದು ಪಿನ್‌ಕೋಡ್ ನೋಡಿ. ಊರಿನ ಹೆಸರನ್ನು ಓದುವುದು ಕೊನೆಯ ಹುಡುಗ ಒಬ್ಬನೇ. 581401 ಅಂತ ಹಾಕಿದರೆ ಅದು ಶಿರಸಿ ಪಟ್ಟಣದಲ್ಲಿ ಹಂಚುವ ಹುಡುಗನ ಪಾಲಿಗೆ ಬಂದು ಬೀಳುತ್ತದೆ. ಅವನು ವಿಳಾಸ ನೋಡಿ, ಇದು ನನ್ನ ಏರಿಯಾ ಅಲ್ಲ ಅಂತ ಪಕ್ಕಕ್ಕೆ ಇಡುತ್ತಾನೆ. ನಮ್ಮ ಹಬ್‌ನಲ್ಲಿ ಇಂಥ ಪಾರ್ಸೆಲ್‌ಗಳಿಗೇ ಒಂದು ಮೂಲೆ ಇತ್ತು. ಎರಡು ಮೂರು ದಿನ ನೋಡಿ ವಾಪಸ್ ಕಳಿಸುತ್ತಿದ್ದೆವು. ನಿಮ್ಮ ದುಡ್ಡು ತಿರುಗಿ ಬರುವವರೆಗೆ ಕಾಯಬೇಕು, ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ.

ಪಿನ್‌ಕೋಡ್ ಬ್ಲಾಕ್ ಅನ್ನುವುದೂ ಇಲ್ಲಿಗೆ ಹೊಂದುವುದಿಲ್ಲ. ವಾಪಸ್ ಜಾಸ್ತಿ ಬರುವ ಕಡೆ ಕ್ಯಾಶ್ ಆನ್ ಡೆಲಿವರಿ ನಿಲ್ಲಿಸುವುದು ನಿಜ. ಆದರೆ ಆಗ ಮುಂಗಡ ದುಡ್ಡು ಕಟ್ಟಿದರೆ ಸಾಮಾನು ಬರುತ್ತದೆ. ನಿಮ್ಮ ಪಿನ್‌ಕೋಡ್ ಪೂರ್ತಿ ಮುಚ್ಚಿದ್ದರೆ ಮಿಕ್ಸಿ ಹೇಗೆ ಬರುತ್ತಿತ್ತು?

ಆ ಸಾಲಿನಲ್ಲಿ ಪಿನ್‌ಕೋಡ್ ಅಂತ ಇರುವುದರಿಂದ ಎಲ್ಲರೂ ಊರಿನ ಮೇಲೆ ತಪ್ಪು ಹೊರಿಸುತ್ತಾರೆ. ಒಳಗೆ ಕಂಪ್ಯೂಟರ್ ನೋಡುವುದೇ ಬೇರೆ. ಈ ಸಾಮಾನನ್ನು, ಈ ಗೋದಾಮಿನಿಂದ, ಈ ಪಿನ್‌ಕೋಡ್‌ಗೆ ಒಯ್ಯುವವರು ಯಾರಾದರೂ ಇದ್ದಾರಾ, ಬೇಡ ಅಂದರೆ ವಾಪಸ್ ತರುವವರು ಇದ್ದಾರಾ? ಇಷ್ಟೂ ಕೂಡಿಬರಬೇಕು. ಒಂದು ತಪ್ಪಿದರೂ ಬರುವುದು ಅದೇ ಒಂದು ಸಾಲು.

ನಿಮ್ಮ ಮಿಕ್ಸಿ ಬಂದ ದಾರಿ ನೋಡಿ. ಹುಬ್ಬಳ್ಳಿಯಿಂದ ಲಾರಿಯಲ್ಲಿ ಶಿರಸಿಗೆ, ಅಲ್ಲಿ ವಿಂಗಡಣೆ, ಆಮೇಲೆ ಬೈಕಿನ ಹಿಂದೆ ಕಟ್ಟಿದ ದೊಡ್ಡ ಚೀಲದಲ್ಲಿ ನಿಮ್ಮ ಮನೆಗೆ. ಅದೇ ಚೀಲದಲ್ಲಿ ಇನ್ನೂ ಇಪ್ಪತ್ತು ಪಾರ್ಸೆಲ್ ಇರುತ್ತವೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಆ್ಯಸಿಡ್ ಸೇರಿ 50 ಕೆಜಿ ದಾಟುತ್ತದೆ. ಅಡ್ಡ ಮಲಗಿಸುವ ಹಾಗಿಲ್ಲ, ಆ್ಯಸಿಡ್ ಸೋರುತ್ತದೆ. ಅದಕ್ಕೆ ನಾಲ್ಕು ಚಕ್ರದ ಗಾಡಿ ಬೇಕು, ಇಬ್ಬರು ಆಳು ಬೇಕು. ನಮ್ಮ ಕಡೆ ಎಷ್ಟೋ ಮನೆಗಳಿಗೆ ಗಾಡಿ ಬಾಗಿಲಿನವರೆಗೆ ಹೋಗುವುದಿಲ್ಲ ಅಲ್ವಾ? ತೋಟದ ಅಂಚಿಗೆ ನಿಲ್ಲಿಸಿ ಹಳ್ಳದ ಮೇಲಿನ ಸಂಕ ದಾಟಿ ಹೊರಬೇಕು. ಜೂನ್‌ನಲ್ಲಿ ಒಮ್ಮೆ ಒಂದು ಚಿಕ್ಕ ಫ್ರಿಜ್ಜನ್ನು ಹೀಗೆ ಇಬ್ಬರು ಹೊತ್ತುಕೊಂಡು ಹೋಗಿ, ಸಂಕದ ನಡುವೆ ಒಬ್ಬನ ಕಾಲು ಜಾರಿತು. ಅವನಿಗೆ ಏನೂ ಆಗಲಿಲ್ಲ, ಫ್ರಿಜ್ಜಿನ ಮೂಲೆ ನೆಗ್ಗಿತು. ಅದರ ಮರುತಿಂಗಳೇ ಆ ಭಾಗಕ್ಕೆ ಭಾರದ ಸಾಮಾನು ಒಯ್ಯಲ್ಲ ಅಂತ ನಾನೇ ಬರೆದು ಕೊಟ್ಟೆ. ಹೀಗಾಗಿ ಭಾರದ ಸಾಮಾನಿಗೆ ಪಿನ್‌ಕೋಡ್ ಪಟ್ಟಿಯೇ ಬೇರೆ, ಸಣ್ಣ ಸಾಮಾನಿಗೆ ಬೇರೆ. ನೀವು ಒಂದರಲ್ಲಿ ಇದ್ದೀರಿ, ಇನ್ನೊಂದರಲ್ಲಿ ಇಲ್ಲ. ನನ್ನ ಅಂದಾಜು ಇದು. ಖಾತ್ರಿ ಮಾಡಿಕೊಳ್ಳುವುದು ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಪಿನ್‌ಕೋಡ್ ಅನ್ನುವುದು ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ತಂದದ್ದು, ಕಾಗದ ವಿಂಗಡಿಸಲಿಕ್ಕೆ. ದೇಶದಲ್ಲಿ 1.6 ಲಕ್ಷಕ್ಕೂ ಜಾಸ್ತಿ ಅಂಚೆ ಕಚೇರಿಗಳಿದ್ದರೆ, ಪಿನ್‌ಕೋಡ್ ಇರುವುದು 19 ಸಾವಿರ ಚಿಲ್ಲರೆ. ಅಂದರೆ ಒಂದೇ ನಂಬರಿನಲ್ಲಿ ಪೇಟೆಯ ಬಸ್‌ಸ್ಟ್ಯಾಂಡೂ ಇರುತ್ತದೆ, ಹತ್ತಾರು ಕಿಲೋಮೀಟರ್ ಆಚೆಯ ಹಳ್ಳಿಯೂ ಇರುತ್ತದೆ. ಖಾಸಗಿ ಕೊರಿಯರ್‌ನವರು ಆ ನಂಬರನ್ನು ಪೂರ್ತಿ ಹೌದು ಅನ್ನಬೇಕು, ಇಲ್ಲವೇ ಪೂರ್ತಿ ಇಲ್ಲ ಅನ್ನಬೇಕು. ನಾನು ಇಲ್ಲ ಅಂತ ಬರೆದು ಕೊಟ್ಟದ್ದಕ್ಕೆ ರಸ್ತೆ ಬದಿಯ ಮನೆಯವರಿಗೂ ಫ್ರಿಜ್ ನಿಂತುಹೋಯಿತು. ಅವರು ಬಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಈಗಲೂ ನನಗೆ ಬೇಜಾರಿನ ವಿಷಯವೇ.

ಈಗ ಪರೀಕ್ಷೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಬ್ಯಾಟರಿ ಅದೇ ಇರಲಿ, ಪಿನ್‌ಕೋಡ್ ಮಾತ್ರ 581401 ಹಾಕಿ ನೋಡಿ, ಆರ್ಡರ್ ಮಾಡಬೇಡಿ. ಆಮೇಲೆ ನಿಮ್ಮ ಪಿನ್‌ಕೋಡ್ ಇಟ್ಟುಕೊಂಡು ಅದೇ ಬ್ಯಾಟರಿಯನ್ನು ಬೇರೆ ಮಾರಾಟಗಾರರಿಂದ ನೋಡಿ. ಕೊನೆಗೆ ನಿಮ್ಮ ಪಿನ್‌ಕೋಡ್‌ಗೆ ಗ್ರೈಂಡರೋ, ವಾಷಿಂಗ್ ಮಷೀನೋ, ಇನ್ನೊಂದು ಭಾರದ ಸಾಮಾನು ಹಾಕಿ ನೋಡಿ. ಏನು ಬಂತು ಅಂತ ಇಲ್ಲಿ ಹಾಕಿ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ: ಸರಿ ಸರ್, ಭಾರದ ಲೆಕ್ಕ ಗೊತ್ತಿರಲಿಲ್ಲ. ಆದರೆ ನಮ್ಮ ಅಪ್ಪನಿಗೆ ತೀರ್ಥಹಳ್ಳಿಯ ಹತ್ತಿರ ಒಂದು ಜೊತೆ ಬೂಟೂ ಬರಲಿಲ್ಲ. ಅದು ಒಂದು ಕೆಜಿಯೂ ಇಲ್ಲ. ಪುಸ್ತಕ ಮಾತ್ರ ಬರುತ್ತದೆ.

ಹಬ್ ನಡೆಸಿದವರು: ಅದು ವಾಪಸಿನ ಕಥೆ ಇರಬಹುದು. ಕೊರಿಯರ್ ಪಟ್ಟಿಯಲ್ಲಿ ಒಂದೊಂದು ಪಿನ್‌ಕೋಡ್‌ಗೆ ಒಂದೊಂದು ಸಾಲು. ಮುಂಗಡ ಪಾವತಿಯದಕ್ಕೆ ಒಂದು ಕಾಲಂ, ಕ್ಯಾಶ್ ಆನ್ ಡೆಲಿವರಿಗೆ ಒಂದು, ಗಿರಾಕಿ ಮನೆಯಿಂದ ವಾಪಸ್ ಎತ್ತುವುದಕ್ಕೆ ಇನ್ನೊಂದು. ಪ್ರತಿಯೊಂದರಲ್ಲೂ Y ಅಥವಾ N. ಬೂಟು, ಬಟ್ಟೆ ಅಳತೆ ಸರಿಯಾಗದೆ ವಾಪಸ್ ಬರುವುದು ಜಾಸ್ತಿ. ಮನೆಯಿಂದ ವಾಪಸ್ ಎತ್ತುತ್ತೇವೆ ಅಂತ ಹೇಳಿ ಮಾರುವ ಸಾಮಾನಿಗೆ ಆ ಮೂರನೇ ಕಾಲಂನಲ್ಲಿ N ಇದ್ದರೆ, ಮಾರದೇ ಇರುವುದೇ ವಾಸಿ ಅಂತ ಬಿಡುತ್ತಾರೆ. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಬರೆದಿರುವ ಸಾಮಾನು ಅದೇ ಪಿನ್‌ಕೋಡ್‌ಗೆ ಹೋಗುತ್ತದಾ ನೋಡಿ. ಹೋದರೆ ಕಾರಣ ಇದೇ.

ಬೆಂಗಳೂರು, ಜಯನಗರದವರು: ನಮ್ಮದೂ ಇದೇ ಗೋಳು. ಹತ್ತು ನಿಮಿಷದಲ್ಲಿ ತರಕಾರಿ ತರುವ ಆ್ಯಪ್ ನಮ್ಮ ಮನೆಗೆ ಇಲ್ಲ ಅನ್ನುತ್ತದೆ. ಎದುರು ರಸ್ತೆಯವರಿಗೆ ತಂದುಕೊಡುತ್ತದೆ. ಇಬ್ಬರದೂ ಪಿನ್‌ಕೋಡ್ ಒಂದೇ! ಅಂಚೆ ಕಚೇರಿಗೆ ಹೋಗಿ ತಿದ್ದಿಸಬೇಕಾ?

ಹಬ್ ನಡೆಸಿದವರು: ಬೇಡ ಸರ್, ಅಂಚೆ ಕಚೇರಿಗೂ ಇದಕ್ಕೂ ಸಂಬಂಧ ಇಲ್ಲ. ಆ ಆ್ಯಪ್‌ಗಳು ನಕ್ಷೆಯಲ್ಲಿ ತಮ್ಮ ಮಳಿಗೆಯ ಸುತ್ತ ಗಡಿ ಎಳೆದಿರುತ್ತವೆ. ನಿಮ್ಮ ಮನೆಯ ಗುರುತು ನಕ್ಷೆಯಲ್ಲಿ ಸರಿಯಾದ ಜಾಗದಲ್ಲಿ ಇದೆಯಾ ನೋಡಿ. ಸರಿ ಇದ್ದೂ ಇಲ್ಲ ಅಂದರೆ ಗಡಿ ನಿಮ್ಮ ರಸ್ತೆಗೆ ನಿಂತಿದೆ ಅಂತ ಅರ್ಥ.

ಕುಮಟಾದಿಂದ ಒಬ್ಬರು: ನಾನು ಮಾರುವವಳು. ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಹಾಕಿದ್ದೇನೆ. ಮೈಸೂರಿಗೆ, ಬೀದರ್‌ಗೂ ಹೋಗಿದೆ. ಪುಣೆಯ ನೆಂಟರು ಆರ್ಡರ್ ಮಾಡಿದರೆ ಪಿನ್‌ಕೋಡ್ ಸಿಗಲ್ಲ ಅನ್ನುತ್ತದೆ. ಪುಣೆಯಂಥ ಊರಿಗೆ ಕೊರಿಯರ್ ಹೋಗಲ್ವಾ? ನನಗಿನ್ನೂ ಜಿಎಸ್‌ಟಿ ನಂಬರ್ ಇಲ್ಲ, ಅಷ್ಟು ವ್ಯಾಪಾರವೂ ಇಲ್ಲ.

ಹಬ್ ನಡೆಸಿದವರು: ಅಕ್ಕ, ನೀವೇ ಕಾರಣ ಹೇಳಿಬಿಟ್ಟಿರಿ. ಮೊದಲು ಜಿಎಸ್‌ಟಿ ಇಲ್ಲದವರು ಇಂಥ ಆ್ಯಪ್‌ಗಳಲ್ಲಿ ಸಾಮಾನು ಮಾರುವ ಹಾಗೇ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಅವಕಾಶ ಕೊಟ್ಟರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಮಾಡಿಸಿಕೊಂಡು ಮಾರಬಹುದು, ಆದರೆ ತಮ್ಮ ರಾಜ್ಯದ ಒಳಗೆ ಮಾತ್ರ. ಅದಕ್ಕೇ ಅಷ್ಟು ದೂರದ ಬೀದರ್‌ಗೆ ನಿಮ್ಮ ಉಪ್ಪಿನಕಾಯಿ ಹೋಗುತ್ತದೆ, ಕಾರವಾರ ದಾಟಿದರೆ ಸಿಗುವ ಗೋವಾಕ್ಕೆ ಹೋಗುವುದಿಲ್ಲ. ಪುಣೆಗೆ ಬೇಕಿದ್ದರೆ ಜಿಎಸ್‌ಟಿ ಮಾಡಿಸಲೇಬೇಕು. ಪ್ರತಿ ಸಲ ರಿಟರ್ನ್ ಹಾಕುವ ಖರ್ಚು ನಿಮ್ಮ ವ್ಯಾಪಾರಕ್ಕೆ ತಾಳುತ್ತದಾ ಅಂತ ಲೆಕ್ಕಪತ್ರ ನೋಡುವವರ ಹತ್ತಿರ ಕೇಳಿ. ಕೊಳ್ಳುವವರಿಗೂ ಇದು ಗೊತ್ತಿರಬೇಕು. ಪುಣೆಯವರ ಪಿನ್‌ಕೋಡ್‌ನಲ್ಲಿ ಏನೂ ಊನ ಇಲ್ಲ, ಅಡ್ಡ ಇರುವುದು ಮಾರುವವರ ಕಾಗದ.

ಸಿದ್ದಾಪುರ ತಾಲೂಕಿನಿಂದ, ಮರುದಿನ: ಸರ್, ನೀವು ಹೇಳಿದ ಹಾಗೆ ನೋಡಿದೆ. ಅದೇ ಬ್ಯಾಟರಿ 581401ಕ್ಕೆ ಸಿಗುತ್ತದೆ. ನಮ್ಮ ಪಿನ್‌ಕೋಡ್‌ಗೆ ಮೂವರು ಮಾರಾಟಗಾರರದ್ದು ನೋಡಿದೆ, ಮೂರೂ ಇಲ್ಲ. ವಾಷಿಂಗ್ ಮಷೀನೂ ಇಲ್ಲ. ಗ್ರೈಂಡರ್ ಮಾತ್ರ ಸಿಗುತ್ತದೆ ಅಂತ ತೋರಿಸಿತು. ಇನ್ನೊಂದು, ಬ್ಯಾಟರಿ ಪುಟದಲ್ಲಿ ಮೊನ್ನೆ ಮಂಗಳವಾರ ‘ಶನಿವಾರ ತಲುಪುತ್ತದೆ’ ಅಂತ ಇತ್ತು. ಅದನ್ನು ನಂಬಿಯೇ ನಾನು ಆರಿಸಿದ್ದು.

ಹಬ್ ನಡೆಸಿದವರು: ಹಾಗಾದರೆ ಭಾರದ್ದೇ. ಮಾರಾಟಗಾರರು ಬದಲಾದರೂ ಇಲ್ಲ, ವಾಷಿಂಗ್ ಮಷೀನೂ ಇಲ್ಲ, ಭಾರ ಇದ್ದರೂ ಬೈಕಿಗೆ ಏರುವ ಗ್ರೈಂಡರ್ ಇದೆ. ಮಂಗಳವಾರದ್ದಕ್ಕೆ ಒಂದು ಕೆಲಸ ಮಾಡಿ. ಪುಟದ ಮೇಲ್ಗಡೆ ಯಾವ ಪಿನ್‌ಕೋಡ್ ಕೂತಿದೆ ನೋಡಿ. ತಂಗಿಯ ಮನೆಗೆ ಏನಾದರೂ ಕಳಿಸಿದ್ದರೆ ಅವಳದ್ದೇ ಉಳಿದುಕೊಂಡಿರುತ್ತದೆ. ಪುಟ ಅದನ್ನು ನೋಡಿ ಶನಿವಾರ ಅನ್ನುತ್ತದೆ, ಕೊನೆಗೆ ನೀವು ಆರಿಸಿದ ವಿಳಾಸ ನೋಡಿ ಇಲ್ಲ ಅನ್ನುತ್ತದೆ.

ಈಗ ದಾರಿ ಇಷ್ಟು. ತಂಗಿಯ ಪಿನ್‌ಕೋಡ್ ಹಾಕುವುದಾದರೆ ತಂಗಿಯ ಮನೆಯದೇ ಪೂರ್ತಿ ವಿಳಾಸ, ಅವಳದೇ ಫೋನ್ ನಂಬರ್ ಕೊಡಿ. ಸಾಮಾನು ಕೊಡುವಾಗ ಒಟಿಪಿ ಕೇಳುತ್ತಾರೆ, ಅದು ಅವಳ ಕೈಯಲ್ಲಿ ಇರಬೇಕು. ಬಿಲ್ಲಿಗೆ ಬೇರೆ ವಿಳಾಸ ಹಾಕಲು ಬಿಟ್ಟರೆ ನಿಮ್ಮದನ್ನು ಹಾಕಿ. ಡೆಲಿವರಿಯವರು ಹೋಗುವ ಮೊದಲೇ ಪೆಟ್ಟಿಗೆ ಒದ್ದೆಯಾಗಿದೆಯಾ, ಬ್ಯಾಟರಿಯ ಮೂಲೆ ಒಡೆದಿದೆಯಾ ನೋಡಿ ಫೋಟೋ ತೆಗೆಯಲಿ. ಅಲ್ಲಿಂದ ಗೂಡ್ಸ್ ಆಟೋದಲ್ಲಿ ನಿಲ್ಲಿಸಿ, ಹಗ್ಗ ಕಟ್ಟಿ ತನ್ನಿ. ಆಟೋ ಬಾಡಿಗೆ ಸೇರಿಸಿದ ಮೇಲೆ ಶಿರಸಿಯ ಅಂಗಡಿಯ ದರಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಉಳಿಯುತ್ತದೆ ಅಂತ ಒಮ್ಮೆ ಕೂಡಿ ನೋಡಿ.

ಸಿದ್ದಾಪುರ ತಾಲೂಕಿನಿಂದ: ಹೌದು ಸರ್, ಮೇಲೆ ತಂಗಿಯ ಪಿನ್‌ಕೋಡೇ ಇತ್ತು! ದೀಪಾವಳಿಗೆ ಅವಳಿಗೆ ಸೀರೆ ಕಳಿಸಿದ್ದೆ. ಅಂಗಡಿಗೂ ಫೋನ್ ಮಾಡಿದೆ. ಆಟೋ ಸೇರಿದರೆ ಉಳಿಯುವುದು ನಾನೂರು ರೂಪಾಯಿ, ಅಂಗಡಿಯವರು ಮನೆಗೆ ಬಂದು ಕೂರಿಸಿಕೊಡುತ್ತಾರಂತೆ. ನಮ್ಮ ಹಳೇ ಬ್ಯಾಟರಿಯನ್ನೂ ತೆಗೆದುಕೊಳ್ಳುತ್ತಾರೆ, ಎಷ್ಟು ಕೊಡುತ್ತಾರೆ ಅಂತ ನೋಡಿದ ಮೇಲೆ ಹೇಳುತ್ತಾರಂತೆ. ಆನ್‌ಲೈನ್‌ನವರು ಶಿರಸಿ ವಿಳಾಸಕ್ಕೆ ಕೊಟ್ಟು, ಹಳೆಯದನ್ನು ಇಲ್ಲಿಂದ ಒಯ್ಯುತ್ತಾರಾ?

ಹಬ್ ನಡೆಸಿದವರು: ಇಲ್ಲ, ಎಕ್ಸ್‌ಚೇಂಜ್ ಹಾಕಿದರೆ ಹಳೆಯದು ಅದೇ ವಿಳಾಸದಲ್ಲಿ, ಅದೇ ಹೊತ್ತಿಗೆ ಇರಬೇಕು. ಅಂದರೆ ಅದನ್ನೂ ಶಿರಸಿಗೆ ಹೊರಬೇಕು. ವಾರಂಟಿಗೆ ತೊಂದರೆ ಬಂದರೆ ನಿಮ್ಮ ಮನೆಗೆ ಮೆಕ್ಯಾನಿಕ್ ಬರುತ್ತಾನಾ ಅಂತ ಬ್ಯಾಟರಿ ಕಂಪನಿಯ ಸಹಾಯವಾಣಿಗೆ ಕೇಳಿ. ಅಲ್ಲೂ ಪಿನ್‌ಕೋಡ್ ಕೇಳುತ್ತಾರೆ. ಆಗ 581355 ಅಂತಲೇ ಹೇಳಿ.