ಪದಚರ್ಚೆ: ‘ಪಾವತಿಸಬೇಕಾದ ತೆರಿಗೆ’ ಯಾವುದು, ‘ಜಮಾ’ ಆಗುವುದು ಎಲ್ಲಿ?

ಕಲಬುರಗಿಯಿಂದ, ಅನುವಾದಕಿ:

ಇಲ್ಲಿನ ಸೂಪರ್ ಮಾರ್ಕೆಟ್ ಸುತ್ತಲಿನ ಸಣ್ಣ ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿಗಾಗಿ ಒಂದು ಪುಟದ ಜಿಎಸ್‌ಟಿ ಹಾಳೆಯನ್ನು ಕನ್ನಡದಲ್ಲಿ ತಯಾರಿಸುತ್ತಿದ್ದೇನೆ. ತಿಂಗಳ ಖರೀದಿ ಬಿಲ್ಲು, ಮಾರಾಟದ ಬಿಲ್ಲು ಮುಂದಿಟ್ಟುಕೊಂಡು ಎಷ್ಟು ಕಟ್ಟಬೇಕೆಂದು ತೆಗೆಯುವ ಹಾಳೆ ಅದು. ಇಂಗ್ಲಿಷಿನ ‘ಟ್ಯಾಕ್ಸ್ ಪೇಯಬಲ್’, ‘ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್’ ಎಂಬವಕ್ಕೆ ಎರಡು ತಲೆಬರಹ ಬಳಸಿದ್ದೆ: ‘ಪಾವತಿಸಬೇಕಾದ ತೆರಿಗೆ’ ಮತ್ತು ‘ಹೂಡುವಳಿ ತೆರಿಗೆ ಜಮಾ’.

ಒಂದೇ ಕಟ್ಟು ಬಿಲ್ಲುಗಳನ್ನು ಇಬ್ಬರು ಗುಮಾಸ್ತರಿಗೆ ಕೊಟ್ಟು ನೋಡಿದೆ. ‘ಪಾವತಿಸಬೇಕಾದ ತೆರಿಗೆ’ ಎಂಬಲ್ಲಿ ಒಬ್ಬರು 81,000 ಬರೆದರು, ಇನ್ನೊಬ್ಬರು 14,400 ಬರೆದರು. ಕೂಡುವುದು ಕಳೆಯುವುದರಲ್ಲಿ ಇಬ್ಬರೂ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ನನ್ನ ಪದ ಎಂದುಕೊಂಡಿದ್ದೇನೆ.

ಬಿಲ್ಲುಗಳು 2025ರ ಅಕ್ಟೋಬರಿನವು. ಪೈಪು, ವಯರು, ಬಣ್ಣದ ಅಂಗಡಿ. ಎಲ್ಲ ಮಾಲಿಗೂ 18%. ಕರ್ನಾಟಕದೊಳಗೆ ಬಿಲ್ಲು ಬರೆದು ಮಾರಿದ್ದು ತೆರಿಗೆ ಬಿಟ್ಟು 3,00,000. ಕೌಂಟರಿನಲ್ಲಿ ತೆರಿಗೆ ಸೇರಿಸಿಯೇ ಮಾರಿದ ಚಿಲ್ಲರೆ 1,18,000. ತೆಲಂಗಾಣದ ಜಹೀರಾಬಾದಿನ ಒಬ್ಬ ವ್ಯಾಪಾರಿಗೆ ಕಳಿಸಿದ್ದು ತೆರಿಗೆ ಬಿಟ್ಟು 50,000. ಖರೀದಿ: ಹೈದರಾಬಾದಿನಿಂದ 2,00,000, ರಾಜ್ಯದೊಳಗಿಂದ 1,50,000, ಅದರಲ್ಲಿ 5,000 ಆಡಿಟರ ಫೀಸು. ಇವಲ್ಲದೆ ಊರಿನದೇ ಒಂದು ಅಂಗಡಿಯಿಂದ 20,000. ಖರೀದಿಯ ಈ ಮೊತ್ತಗಳೆಲ್ಲ ತೆರಿಗೆ ಬಿಟ್ಟು.

ಬೀದರದಿಂದ, ಹಾರ್ಡ್‌ವೇರ್ ಅಂಗಡಿಯವರು:

ಅಕ್ಕಾರ, ಕ್ರೆಡಿಟ್ ಅಂದ್ರ ಉದ್ರಿ ಅಲ್ಲೇನ್ರಿ? ಉದ್ರಿ ತಂದ ಮಾಲಿಗೆ ಅಷ್ಟೇ ಕ್ರೆಡಿಟ್ ಸಿಗ್ತದ, ರೋಖ ಕೊಟ್ಟು ತಂದದ್ದಕ್ಕ ಯಾಕ ಸಿಗ್ತದ? ಹಾಳ್ಯಾಗ ಸೀದಾ ‘ಉದ್ರಿ ಖರೀದಿ’ ಅಂತ ಬರೀರಿ, ಎಲ್ಲಾರಿಗೂ ತಿಳೀತದ. ನಾವಂತೂ ಮೂರು ತಿಂಗಳಿಗೊಮ್ಮೆ ರಿಟರ್ನ್ ಕಾಗದ ಕೊಡೋರು, ತಿಂಗಳ ಲೆಕ್ಕದ ಗೋಜೇ ಇಲ್ಲ.

ಯಾದಗಿರಿಯಿಂದ, ನಿವೃತ್ತ ಉಪನ್ಯಾಸಕರು:

ಅಂಗಡಿಯವರು ಹೇಳಿದ ಅರ್ಥ ಪೇಟೆಯಲ್ಲಿ ಇದೆ, ಆದರೆ ಇಲ್ಲಿಯದು ಅದಲ್ಲ. ಇದು ಮಾಲು ಕೊಟ್ಟವನು ನಮಗೆ ಬಿಟ್ಟ ಸಾಲವಲ್ಲ. ನಾವು ಬಿಲ್ಲಿನ ಮೇಲೆ ಕೊಟ್ಟ ತೆರಿಗೆಗೆ ಸರಕಾರ ನಮ್ಮ ಹೆಸರಿನಲ್ಲಿ ಹಿಡಿಯುವ ಲೆಕ್ಕ.

‘ಪಾವತಿ’ ಬಗ್ಗೆ ಒಂದು ಮಾತು. ನಮ್ಮ ಭಾಗದಲ್ಲಿ ಪಾವತಿ ಎಂದರೆ ರಸೀದಿ, ಪಕ್ಕದ ಮರಾಠಿಯಲ್ಲಿಯೂ ಹಾಗೆಯೇ. ‘ಪಾವತಿ ಹರಿದು ಕೊಡು’ ಎನ್ನುತ್ತೇವೆ. ಬೆಂಗಳೂರಿನ ಕಚೇರಿ ಕನ್ನಡ ಅದನ್ನು ‘ಸಲ್ಲಿಕೆ’ ಎಂಬ ಅರ್ಥದಲ್ಲಿ ಬಳಸುತ್ತದೆ. ಇಲ್ಲಿಯ ಗುಮಾಸ್ತನಿಗೆ ‘ಕಟ್ಟುವ ತೆರಿಗೆ’ ಎಂದರೆ ಸಾಕು.

‘ಜಮಾ’ ಅರಬ್ಬಿಯಿಂದ ಬಂದದ್ದು, ಕೂಡಿದ್ದು ಎಂಬ ಅರ್ಥ. ರೋಜ್‌ಕೀರ್ದಿಯಲ್ಲಿ ಜಮಾ ಎಂದರೆ ಗಲ್ಲಾಕ್ಕೆ ಬಂದ ಹಣ. ಹೀಗಾಗಿ ‘ತೆರಿಗೆ ಜಮಾ 66,600’ ಎಂದು ಬರೆದರೆ ಅದು ಬ್ಯಾಂಕಿಗೆ ಬರುತ್ತದೆಂದು ಕಾಯುವವರೂ ಇದ್ದಾರೆ. ‘ವಜಾ’ ಹೊಂದುತ್ತದೆ, ಅದೂ ಅರಬ್ಬಿಯದೇ, ಕಳೆಯುವುದು ಎಂದು. ಆದರೆ ಈಗ ಪತ್ರಿಕೆಗಳಲ್ಲಿ ಕೆಲಸದಿಂದ ತೆಗೆದದ್ದಕ್ಕೇ ಆ ಪದ ಮೀಸಲಾಗಿದೆ.

ಲೆಕ್ಕದ ಮಟ್ಟಿಗೆ ನನ್ನ ಪ್ರಕಾರ 14,400 ಸರಿ. ಮಾರಾಟದ ಮೇಲೆ ಬಿದ್ದ ತೆರಿಗೆ 81,000, ಖರೀದಿ ಬಿಲ್ಲುಗಳಲ್ಲಿ ಕೊಟ್ಟ ತೆರಿಗೆ 66,600. ಬಿಲ್ಲು ಕೈಯಲ್ಲಿದ್ದರೆ ಅದರ ತೆರಿಗೆಯನ್ನು ಬಿದ್ದದ್ದರಲ್ಲಿ ಕಳೆಯಬಹುದು. ಪೋರ್ಟಲಿನಲ್ಲಿ ಕಾಣದಿದ್ದರೂ ಐದು ಪರ್ಸೆಂಟಿನವರೆಗೆ ಸವಲತ್ತಿದೆ.

ಕಲಬುರಗಿಯಿಂದ, ತೆರಿಗೆ ಸಲಹೆಗಾರ:

ಉಪನ್ಯಾಸಕರ ಪದವಿವೇಚನೆ ಒಪ್ಪಿದೆ, ಲೆಕ್ಕ ಒಪ್ಪಲಾರೆ. ಆ ಐದು ಪರ್ಸೆಂಟಿನ ಸವಲತ್ತು 2021ರ ಡಿಸೆಂಬರ್ 31ಕ್ಕೆ ಮುಗಿಯಿತು. 2022ರ ಜನವರಿ 1ರಿಂದ ಮಾರಿದವನು ಆ ಬಿಲ್ಲನ್ನು ತನ್ನ ಕಾಗದದಲ್ಲಿ ತೋರಿಸಿ ಅದು ಪೋರ್ಟಲು ನಮಗಾಗಿ ತಯಾರಿಸುವ ಖರೀದಿ ಬಿಲ್ಲುಗಳ ಪಟ್ಟಿಯಾದ GSTR-2Bಯಲ್ಲಿ ಬಂದಿದ್ದರೆ ಮಾತ್ರ ಕಳೆಯಬಹುದು. ಆ ಸವಲತ್ತು ಇದ್ದಾಗಲೂ, ಬರದ ಒಂದು ಬಿಲ್ಲಿಗೆ ಐದು ಪರ್ಸೆಂಟು ಎಂದಲ್ಲ; ಬಂದ ಒಟ್ಟು ತೆರಿಗೆಯ ಮೇಲೆ ಐದು ಎಂದಿತ್ತು.

ಊರಿನ ಅಂಗಡಿಯ 20,000ದ ಬಿಲ್ಲು 2Bಯಲ್ಲಿ ಇದೆಯೇ ಎಂದು ಅಕ್ಕನವರು ನೋಡಬೇಕು. ನನ್ನ ಊಹೆ, ಇಲ್ಲ. ಬೀದರದ ಅಣ್ಣನವರಂತೆ ಮೂರು ತಿಂಗಳಿಗೊಮ್ಮೆ ಕಾಗದ ಕೊಡುವ ಅಂಗಡಿ ಇದ್ದೀತು. ಅವರು ಅಕ್ಟೋಬರಿನ ಬಿಲ್ಲನ್ನು ನವೆಂಬರ್ 1ರಿಂದ 13ರೊಳಗೆ ಪೋರ್ಟಲಿನಲ್ಲಿ ಬಿಲ್ಲು ತೋರಿಸುವ ತಿಂಗಳ ಸೌಲಭ್ಯವಾದ IFFನಲ್ಲಿ ಹಾಕಿದ್ದರೆ 14ಕ್ಕೆ ತಯಾರಾಗುವ 2Bಯಲ್ಲಿ ಬರುತ್ತದೆ. ಹಾಕದೆ ತ್ರೈಮಾಸಿಕ ಕಾಗದಕ್ಕೇ ಬಿಟ್ಟರೆ ಡಿಸೆಂಬರಿನ 2Bಯಲ್ಲಿ, ಅಂದರೆ ಜನವರಿ 14ಕ್ಕೆ. ಅಣ್ಣನವರೇ, ‘ಗೋಜೇ ಇಲ್ಲ’ ಅಂದಿರಿ. ನಿಮ್ಮಿಂದ ಮಾಲು ಒಯ್ದ ವ್ಯಾಪಾರಿಗೆ ಗೋಜು ಇದೆ. ನೀವೂ ತ್ರೈಮಾಸಿಕದ ಮೊದಲ ಎರಡು ತಿಂಗಳಿಗೆ ಮುಂದಿನ ತಿಂಗಳ 25ರೊಳಗೆ ಚಲನ್ ಕಟ್ಟಲೇಬೇಕು. ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ್ದರ 35% ಕಟ್ಟುತ್ತಿರುವುದರಿಂದ ನಿಮಗೆ ಲೆಕ್ಕ ಕಾಣುತ್ತಿಲ್ಲ, ಅಷ್ಟೇ.

ಇನ್ನು ಹಾಳೆಯ ಪದ. ಇಲ್ಲಿ ಮೊತ್ತಗಳು ಎರಡಲ್ಲ, ಮೂರು. ತೆರಿಗೆ ಕಟ್ಟುವ ಕಾಗದವಾದ ಪೋರ್ಟಲಿನ GSTR-3Bಯ 6.1ನೇ ಪಟ್ಟಿಯಲ್ಲಿ `Total tax payable` ಎಂಬ ಕಾಲಂ ಇದೆ. ಅಲ್ಲಿ ಬರುವುದು ಇನ್ನೂ ಏನನ್ನೂ ಕಳೆಯದ ಮೊತ್ತ. 81,000 ಬರೆದ ಗುಮಾಸ್ತ ಆ ಕಾಲಮಿನ ಪ್ರಕಾರ ಸರಿಯೇ ಇದ್ದಾನೆ! ಆದರೆ ಸಾಹುಕಾರ ಕೇಳುವುದು ‘ರೊಕ್ಕ ಎಷ್ಟು ಕಟ್ಟಬೇಕು’ ಎಂದು. ಹೀಗಾಗಿ ‘ಬಿದ್ದ ತೆರಿಗೆ’, ‘ಮುರಿದುಕೊಳ್ಳುವ ತೆರಿಗೆ’, ‘ಕಟ್ಟುವ ತೆರಿಗೆ’ ಎಂದು ಮೂರು ಮಾಡಿ. ಪಗಾರದಲ್ಲಿ ಮುಂಗಡ ಮುರಿದುಕೊಳ್ಳುವುದು ಎಲ್ಲರಿಗೂ ಗೊತ್ತು. ಇಲ್ಲಿ ನಡೆಯುವುದೂ ಅದೇ.

ಬಿದ್ದ ತೆರಿಗೆ ತೆಗೆಯುವಾಗ ಎಡವುವುದು ಕೌಂಟರಿನ 1,18,000ದಲ್ಲಿ. ಅದರಲ್ಲಿ ತೆರಿಗೆ ಆಗಲೇ ಸೇರಿದೆ. ಅದರ ಮೇಲೆ ಮತ್ತೆ 18% ಹಾಕಿದರೆ 21,240 ಬರುತ್ತದೆ, 3,240 ಸುಮ್ಮನೆ ಕೈಯಿಂದ ಹೋಗುತ್ತದೆ. 118ರಿಂದ ಭಾಗಿಸಿ 18ರಿಂದ ಗುಣಿಸಬೇಕು: ತೆರಿಗೆ 18,000, ಮಾಲಿನ ಬೆಲೆ 1,00,000. ಹಾಳೆಯಲ್ಲಿ ‘ತೆರಿಗೆ ಸೇರಿ’, ‘ತೆರಿಗೆ ಬಿಟ್ಟು’ ಎಂದು ಎರಡು ಕಾಲಂ ಬೇಕು. ಈಗ ರಾಜ್ಯದೊಳಗಿನ ಮಾರಾಟ 4,00,000. ಕೇಂದ್ರದ ಪಾಲು ಸಿಜಿಎಸ್‌ಟಿ 36,000, ರಾಜ್ಯದ ಪಾಲು ಎಸ್‌ಜಿಎಸ್‌ಟಿ 36,000. ಹೊರರಾಜ್ಯಕ್ಕೆ ಹೋದ ಜಹೀರಾಬಾದಿನದು ಐಜಿಎಸ್‌ಟಿ 9,000.

ಮುರಿದುಕೊಳ್ಳಲು ಇರುವುದು: ಹೈದರಾಬಾದಿನ ಬಿಲ್ಲಿನಿಂದ ಐಜಿಎಸ್‌ಟಿ 36,000. ರಾಜ್ಯದೊಳಗಿನ 1,50,000ದಿಂದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 13,500. ಒಟ್ಟು 63,000. 2Bಯಲ್ಲಿ ಬರದ ಬಿಲ್ಲಿನ 3,600 ಈ ತಿಂಗಳು ಇಲ್ಲ.

ಕಲಬುರಗಿಯಿಂದ, ಅನುವಾದಕಿ:

ನೋಡಿದೆ, ಆ ಬಿಲ್ಲು 2Bಯಲ್ಲಿ ಇಲ್ಲ. ಅಂದರೆ 81,000ದಲ್ಲಿ 63,000 ಕಳೆದು 18,000. ಹಾಗಾದರೆ ಐಜಿಎಸ್‌ಟಿ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಮೂರನ್ನೂ ಬೇರೆ ಬೇರೆ ಬರೆಯುವ ಕಾಲಂ ಏಕೆ, ಒಟ್ಟು ಮೊತ್ತ ಸಾಕಲ್ಲವೇ? ಪುಟದಲ್ಲಿ ಜಾಗವಿಲ್ಲ. ಇನ್ನೊಂದು, ‘ಹೂಡುವಳಿ’ ಯಾರಿಗೂ ತಿಳಿಯಲಿಲ್ಲ, ‘ಖರೀದಿ ತೆರಿಗೆ’ ಎನ್ನಲೇ?

ಕಲಬುರಗಿಯಿಂದ, ತೆರಿಗೆ ಸಲಹೆಗಾರ:

ಅಕ್ಷರ ಸಣ್ಣದು ಮಾಡಿಯಾದರೂ ಮೂರು ಕಾಲಂ ಇಡಿ. ಮೂರೂ ಬೇರೆ ಬೇರೆ ಚೀಲ. ಐಜಿಎಸ್‌ಟಿ ಚೀಲದ 36,000ದಲ್ಲಿ ಮೊದಲು ಐಜಿಎಸ್‌ಟಿಯ 9,000 ತೀರಬೇಕು. ಉಳಿದ 27,000ವನ್ನು ಸಿಜಿಎಸ್‌ಟಿಗೂ ಎಸ್‌ಜಿಎಸ್‌ಟಿಗೂ ಬೇಕಾದ ಪ್ರಮಾಣದಲ್ಲಿ ಹಂಚಬಹುದು, ಆದರೆ ಆ ಚೀಲ ಪೂರಾ ಬರಿದಾದ ಮೇಲೆಯೇ ಉಳಿದೆರಡರ ಬಾಯಿ ಬಿಚ್ಚಬೇಕು. ಸಿಜಿಎಸ್‌ಟಿ ಚೀಲದಿಂದ ಎಸ್‌ಜಿಎಸ್‌ಟಿ ಕಟ್ಟಲು ಬರುವುದಿಲ್ಲ, ಎಸ್‌ಜಿಎಸ್‌ಟಿಯಿಂದ ಸಿಜಿಎಸ್‌ಟಿಯೂ ಇಲ್ಲ.

27,000 ಪೂರ್ತಿ ಸಿಜಿಎಸ್‌ಟಿಗೆ ಸುರಿದರೆ ಏನಾಗುತ್ತದೆ ನೋಡಿ. ಅಲ್ಲಿ ಇನ್ನು 9,000 ಮಾತ್ರ ಬೇಕು. ಸಿಜಿಎಸ್‌ಟಿ ಚೀಲದ 13,500ರಲ್ಲಿ 4,500 ಉಳಿದು ಸಿಕ್ಕಿಕೊಳ್ಳುತ್ತದೆ. ಆಚೆ ಎಸ್‌ಜಿಎಸ್‌ಟಿಯ 36,000ಕ್ಕೆ ಸ್ವಂತ 13,500 ಬಿಟ್ಟರೆ ಬೇರೆ ಇಲ್ಲ, 22,500 ರೊಕ್ಕವೇ ಕಟ್ಟಬೇಕು. ಅದೇ 27,000ವನ್ನು 13,500ರಂತೆ ಎರಡು ಕಡೆ ಹಂಚಿದರೆ ಎರಡರಲ್ಲೂ ಉಳಿಯುವುದು 9,000, ಒಟ್ಟು 18,000. ಬಿಲ್ಲುಗಳು ಅವೇ, ಹಂಚಿಕೆಯಲ್ಲೇ 4,500ರ ಅಂತರ. ಒಟ್ಟು ಮೊತ್ತದಿಂದ ಬಂದ 18,000 ಸರಿಯಾದದ್ದು ಹಂಚಿಕೆ ಸರಿಯಾದಾಗ ಮಾತ್ರ. ಪೋರ್ಟಲು ತಾನೇ ಹಂಚಿ ತೋರಿಸುತ್ತದೆ, ಕಣ್ಣುಮುಚ್ಚಿ ಒತ್ತಬಾರದು.

‘ಖರೀದಿ’ ಬೇಡ. ಆ ಪದ ನೋಡಿದ ಗುಮಾಸ್ತ ಖರೀದಿ ಫೈಲು ಮಾತ್ರ ತೆಗೆಯುತ್ತಾನೆ. ಆಡಿಟರ ಫೀಸಿನ ಬಿಲ್ಲು ಖರ್ಚಿನ ಫೈಲಿನಲ್ಲಿರುತ್ತದೆ. ಅದರ 900 ಬಿಟ್ಟುಹೋಗುತ್ತದೆ. ತೆರಿಗೆ ಹಾಕಿದ ಅಂಗಡಿ ಬಾಡಿಗೆಯೂ ಹಾಗೆಯೇ. ‘ನಾವು ಕೊಟ್ಟ ತೆರಿಗೆ’ ಎನ್ನಬಹುದೇನೋ.

ಯಾದಗಿರಿಯಿಂದ, ನಿವೃತ್ತ ಉಪನ್ಯಾಸಕರು:

ಐದು ಪರ್ಸೆಂಟಿನದು ನನ್ನ ಹಳೆಯ ಟಿಪ್ಪಣಿಯ ಮಾತು, ತಿದ್ದಿಕೊಂಡೆ. ಆದರೆ ‘ನಾವು ಕೊಟ್ಟ ತೆರಿಗೆ’ ಇನ್ನೊಂದು ಬದಿಗೆ ಜಾರುತ್ತದೆ. ಹೋಟೆಲಿನ ಊಟದ ಬಿಲ್ಲಿನಲ್ಲೂ ತೆರಿಗೆ ಕೊಟ್ಟಿರುತ್ತೇವೆ, ಅದನ್ನು ಮುರಿದುಕೊಳ್ಳಲು ಬರುವುದಿಲ್ಲವಲ್ಲ? ‘ಹೂಡುವಳಿ’ ಅಪರಿಚಿತವಾದರೂ ಈ ಎರಡೂ ತಪ್ಪಿಗೆ ಆಸ್ಪದ ಕೊಡುವುದಿಲ್ಲ. ಅಪರಿಚಿತ ಪದಕ್ಕೆ ಅದೇ ಒಂದು ಅನುಕೂಲ.

ಬೀದರದಿಂದ, ಹಾರ್ಡ್‌ವೇರ್ ಅಂಗಡಿಯವರು:

ಹಂಗಾದ್ರ ಉದ್ರಿಗೂ ಇದಕ್ಕೂ ಸಂಬಂಧನೇ ಇಲ್ಲಂತೀರೇನು? ನಮ್ಮ ಆಡಿಟರ್ ಆರು ತಿಂಗಳಾಗ ಉದ್ರಿ ತೀರಿಸ್ರಿ ಇಲ್ಲಂದ್ರ ಕ್ರೆಡಿಟ್ ಹೋಗ್ತದ ಅಂದಿದ್ರು.

ಕಲಬುರಗಿಯಿಂದ, ತೆರಿಗೆ ಸಲಹೆಗಾರ:

ಸಂಬಂಧ ಇದೆ, ನೀವು ಹೇಳಿದ ಕಡೆಗಲ್ಲ. ಉದ್ರಿ ತಂದರೂ ರೋಖ ತಂದರೂ ಮುರಿದುಕೊಳ್ಳಬಹುದು. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಮಾಲಿನ ಹಣವೂ ತೆರಿಗೆಯೂ ಸೇರಿ ಕೊಡದಿದ್ದರೆ ಮುರಿದುಕೊಂಡದ್ದನ್ನು ಬಡ್ಡಿ ಸಮೇತ ತಿರುಗಿ ಕಟ್ಟಬೇಕು. ಅರ್ಧ ಕೊಟ್ಟಿದ್ದರೆ ಉಳಿದರ್ಧದ ಮಟ್ಟಿಗೆ. ಆಮೇಲೆ ಉದ್ರಿ ತೀರಿಸಿದಾಗ ಮತ್ತೆ ಹಿಡಿದುಕೊಳ್ಳಬಹುದು. ಹಾಳೆಯ ಹಿಂಬದಿಯಲ್ಲಿ ‘180 ದಿನ ದಾಟಿದ ಉದ್ರಿ’ ಎಂದು ಒಂದು ಸಾಲು ಇಟ್ಟರೆ ಅಣ್ಣನವರ ಪದಕ್ಕೂ ಜಾಗ ಸಿಕ್ಕಂತಾಯಿತು.

ಕಲಬುರಗಿಯಿಂದ, ಅನುವಾದಕಿ:

‘ಬಿದ್ದ’, ‘ಮುರಿದುಕೊಳ್ಳುವ’, ‘ಕಟ್ಟುವ’ ಮೂರನ್ನೂ ಇಟ್ಟೆ. ಮುರಿದುಕೊಳ್ಳುವುದರ ಕೆಳಗೆ ಸಣ್ಣದಾಗಿ ‘ಮಾಲು, ಬಾಡಿಗೆ, ಫೀಸು, 2Bಯಲ್ಲಿ ಬಂದದ್ದು ಮಾತ್ರ’ ಎಂದು ಬರೆದೆ. ಆ 3,600ಕ್ಕೆ ಪದ ಸಿಗುತ್ತಿಲ್ಲ. ‘ಬಾಕಿ’ ಎಂದರೆ ನಾವು ಕೊಡಬೇಕಾದದ್ದು ಎನಿಸುತ್ತದೆ. ‘ಶಿಲ್ಕು’ ಸರಿ ಹೋದೀತೇ?

ಬೀದರದಿಂದ, ಹಾರ್ಡ್‌ವೇರ್ ಅಂಗಡಿಯವರು:

ಶಿಲ್ಕು ಅಂದ್ರ ದಿನಾ ಸಂಜಿಕ ಗಲ್ಲಾದಾಗ ಎಣಿಸೋ ರೊಕ್ಕರಿ. ಇದು ಗಲ್ಲಾದಾಗೂ ಇಲ್ಲ, ಪೋರ್ಟಲ್ದಾಗೂ ಇಲ್ಲ.

ಕಲಬುರಗಿಯಿಂದ, ತೆರಿಗೆ ಸಲಹೆಗಾರ:

ಅವರು ಹೇಳಿದ್ದು ಸರಿ. ಮುರಿದುಕೊಂಡು ಮಿಕ್ಕಿದ್ದಕ್ಕೆ ಶಿಲ್ಕು ಒಪ್ಪುತ್ತದೆ, ಇನ್ನೂ ಬರದೇ ಇರುವುದಕ್ಕೆ ಒಪ್ಪುವುದಿಲ್ಲ. ಸದ್ಯಕ್ಕೆ ‘ಬರಬೇಕಾದದ್ದು’ ಎಂದಿಟ್ಟು ಪಕ್ಕದಲ್ಲಿ ಮಾರಿದವನ ಹೆಸರು, ಬಿಲ್ ನಂಬರ್ ಬರೆಸಿ. 2025-26ರ ಬಿಲ್ಲಾದ್ದರಿಂದ 2026ರ ನವೆಂಬರ್ 30ರವರೆಗೆ ಅವಕಾಶವಿದೆ, ಅಷ್ಟರೊಳಗೆ ವಾರ್ಷಿಕ ಕಾಗದ ಕೊಟ್ಟುಬಿಟ್ಟರೆ ಅಲ್ಲಿಗೇ ಮುಗಿಯಿತು. ಇದಕ್ಕಿಂತ ಒಳ್ಳೆಯ ಒಂದೇ ಪದ ಯಾರಿಗಾದರೂ ಹೊಳೆದರೆ ತಿಳಿಸಿ.