ಸಂಜೆಯಾದರೆ ಫೈಬರ್ ನಿಧಾನ: ಸ್ಪ್ಲಿಟರ್ ಕಾರಣವೋ, ದಟ್ಟಣೆಯೋ?

ಕೇಳಿದವರು (ಬೆಳಗಾವಿ, ಹನುಮಾನ ನಗರ): ನಮ್ಮದು ನಾಲ್ಕು ಬ್ಲಾಕಿನ ಅಪಾರ್ಟ್‌ಮೆಂಟ್. 100 ಎಂಬಿಪಿಎಸ್ ಪ್ಲಾನ್ ಬೆಳಿಗ್ಗೆ ಪೂರ್ತಿ ಸಿಗುತ್ತದೆ, ರಾತ್ರಿ ಎಂಟರಿಂದ ಹನ್ನೊಂದರವರೆಗೆ 15 ದಾಟುವುದಿಲ್ಲ. ಪ್ರತಿ ಬ್ಲಾಕಿನ ಕೆಳಗೆ ಒಂದು ಸ್ಪ್ಲಿಟರ್ ಪೆಟ್ಟಿಗೆ ಇದೆ. ದೂರು ಕೊಟ್ಟರೆ ನಿಮ್ಮ ವೈಫೈ ಸರಿಯಿಲ್ಲ ಎನ್ನುತ್ತಾರೆ. ಮನೆಯಲ್ಲೇ ಪರೀಕ್ಷಿಸಿ ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ.

ಬೆಳಗಾವಿ, ಟಿಳಕವಾಡಿ: ಸ್ಪ್ಲಿಟರ್ ಬೆಳಕನ್ನೇ ಹಂಚುತ್ತದೆ, ಆದ್ದರಿಂದ 64 ಮನೆಗಳಿದ್ದರೆ ವೇಗವೂ 64 ಪಾಲಾಗುತ್ತದೆ. ಕಡಿಮೆ ಕವಲಿನ ಸ್ಪ್ಲಿಟರ್ ಹಾಕಿಸಿಕೊಳ್ಳಿ, ಸಮಸ್ಯೆ ಮುಗಿಯುತ್ತದೆ.

ವಿಜಯಪುರ, ಜಲನಗರ: ನಮ್ಮ ಮನೆಯಲ್ಲೂ ಇದೇ ತೊಂದರೆ ಇತ್ತು. ಮಳೆ ಬಂದಾಗಲೆಲ್ಲ ಪೆಟ್ಟಿಗೆಯ ಮೇಲೆ LOS ಎಂಬ ಕೆಂಪು ದೀಪ ಮಿನುಗುತ್ತಿತ್ತು. ಲೈನ್‌ಮ್ಯಾನ್ ಬಂದು ಟೆರೇಸ್ ಮೇಲಿನ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಬೆಸೆದ ಮೇಲೆ ಸರಿಯಾಯಿತು. ನೀವೂ ಜೋಡಣೆ ನೋಡಿಸಿ.

ಬಾಗಲಕೋಟೆ, ನವನಗರ: ಜಲನಗರದವರದು ಬೇರೆ ರೋಗ. ಬೆಳಕೇ ಬಾರದಿದ್ದರೆ ಸಂಪರ್ಕ ಕಡಿಯುತ್ತದೆ, ಅದು ಗಡಿಯಾರ ನೋಡಿಕೊಂಡು ಎಂಟಕ್ಕೆ ಬಂದು ಹನ್ನೊಂದಕ್ಕೆ ಹೋಗುವುದಿಲ್ಲ. ಟಿಳಕವಾಡಿಯವರ ಮಾತು ಅರ್ಧ ನಿಜ. ಬೆಳಕು ಹಂಚಿಹೋಗುತ್ತದೆ, ಆದರೆ ಸ್ಪ್ಲಿಟರ್ ಕರೆಂಟೂ ಬೇಡದ ಗಾಜಿನ ತುಂಡು, ಅದರ ನಷ್ಟ ಬೆಳಿಗ್ಗೆ ಎಷ್ಟೋ ರಾತ್ರಿಯೂ ಅಷ್ಟೇ. ವೇಗ ಮಾತ್ರ ಸಮಪಾಲಾಗುವುದಿಲ್ಲ. ನಿಮ್ಮ ಫೈಬರ್ ಜಾಲ ಜಿಪಾನ್ ಎಂಬ ಬಗೆಯದಾದರೆ ಒಂದು ಪೋರ್ಟಿನಲ್ಲಿ ಇಳಿಮುಖವಾಗಿ ಸುಮಾರು 2.5 ಗಿಗಾಬಿಟ್ ಇರುತ್ತದೆ, ಆ ಹೊತ್ತಿಗೆ ಯಾರು ಬಳಸುತ್ತಾರೋ ಅವರಿಗೆ ಅದು ಸಿಗುತ್ತದೆ. 64 ಮನೆಯವರೂ ಒಂದೊಂದು ವಿಡಿಯೋ ನೋಡುತ್ತಾ ಕೂತರೂ ಮನೆಗೆ ಐದಾರು ಎಂಬಿಪಿಎಸ್‌ನಂತೆ 400ರ ಆಸುಪಾಸು ಆಗುತ್ತದೆ, ಪೋರ್ಟ್ ತುಂಬುವುದಿಲ್ಲ. ನನ್ನ ಅನುಭವದಲ್ಲಿ ತುಂಬುವುದು ಅದರಾಚೆಯ ದಾರಿ: ಕೇಬಲ್‌ನವರ ಕಡೆಯಿಂದ ಬೆಳಕು ಕಳಿಸುವ ಓಎಲ್‌ಟಿ ಎಂಬ ಪೆಟ್ಟಿಗೆಯಲ್ಲಿ ಎಂಟು ಪೋರ್ಟ್‌ಗಳಿದ್ದು, ಅವೆಲ್ಲವೂ ಹೊರಗೆ ಹೋಗಲು ಒಂದೇ 1 ಗಿಗಾಬಿಟ್ ಲಿಂಕ್ ಇದ್ದರೆ, 500 ಮನೆಗಳು ಮನೆಗೆ ಬರೀ ಎರಡು ಎಂಬಿಪಿಎಸ್ ಎಳೆದರೂ ಅದು ತುಂಬಿತು.

ಮೊದಲು ಮೊಬೈಲ್, ಟಿವಿ ಎಲ್ಲವನ್ನೂ ವೈಫೈಯಿಂದ ತೆಗೆದು, ಲ್ಯಾಪ್‌ಟಾಪನ್ನು ತಂತಿಯಲ್ಲಿ ರೂಟರಿಗೆ ಜೋಡಿಸಿ. ಇದನ್ನು ಬಿಟ್ಟರೆ ನಿಮ್ಮ ಮನೆಯ ಡೌನ್‌ಲೋಡೇ ಪಿಂಗ್ ಏರಿಸಿಬಿಡುತ್ತದೆ, ಆಗ ಕಂಪನಿಯವರ ವೈಫೈ ಮಾತಿಗೂ ಉತ್ತರ ಇರುವುದಿಲ್ಲ. ಆಮೇಲೆ ವಿಂಡೋಸ್‌ನಲ್ಲಿ:

```
tracert -d 8.8.8.8
ping -n 100 192.168.1.1
```

tracert ಕೊಡುವ ಉತ್ತರದ ಮೊದಲ ಸಾಲಿನಲ್ಲಿ ಬರುವುದು ನಿಮ್ಮ ರೂಟರ್, ಎರಡನೆಯದು ಕಂಪನಿಯ ಗೇಟ್‌ವೇ. ರೂಟರಿನ ವಿಳಾಸ 192.168.1.1 ಅಲ್ಲದಿದ್ದರೆ ping ಸಾಲಿನಲ್ಲಿ ಅಲ್ಲಿ ಕಂಡದ್ದನ್ನೇ ಹಾಕಿ. ರೂಟರಿಗೆ ಪಿಂಗ್ ಮಾಡಿದಂತೆಯೇ ಆ ಎರಡನೆಯ ವಿಳಾಸಕ್ಕೂ, 8.8.8.8ಕ್ಕೂ ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾಡಿ. ನಮ್ಮ ಸೆಕ್ಟರಿನ ಒಂದು ಕಟ್ಟಡದಲ್ಲಿ ರೂಟರಿಗೆ ಎರಡೂ ಹೊತ್ತು 1 ಮಿಲಿಸೆಕೆಂಡ್ ಇತ್ತು, ಗೇಟ್‌ವೇಗೆ ಬೆಳಿಗ್ಗೆ 4 ಇದ್ದದ್ದು ರಾತ್ರಿ 60 ದಾಟಿ, ನೂರರಲ್ಲಿ ನಾಲ್ಕೈದು ಪ್ಯಾಕೆಟ್ ಕಳೆದುಹೋಗುತ್ತಿದ್ದವು, 8.8.8.8ಕ್ಕೂ ಅದೇ ಏರಿಕೆ. ಆದರೆ ರೂಟರಿನ ಪುಟದಲ್ಲಿ ಬರುವ ಬೆಳಕಿನ ಬಲ ತೋರಿಸುವ RX Power ಎರಡೂ ಹೊತ್ತು -21 dBm ಇತ್ತು. ಬೆಳಕು ಸ್ಥಿರವಾಗಿದ್ದು, ಕಾಯುವ ಸಮಯ ಮಾತ್ರ ಸಂಜೆ ಏರಿದರೆ ದಟ್ಟಣೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಗೇಟ್‌ವೇಯೊಂದೇ ತಡವಾಗಿ ಉತ್ತರಿಸಿ, ಅದರಾಚೆಯದು ಚೆನ್ನಾಗಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅಂಥ ಪೆಟ್ಟಿಗೆಗಳು ಪಿಂಗ್‌ಗೆ ಉತ್ತರಿಸುವುದನ್ನು ಕೊನೆಗೆ ಇಟ್ಟುಕೊಳ್ಳುತ್ತವೆ.

ಟಿಳಕವಾಡಿ: ಹಾಗಾದರೆ ನಮ್ಮ ಬ್ಲಾಕಿನ ಪೋರ್ಟ್ ತುಂಬಿದೆಯೋ, ಹೊರಗಿನ ಲಿಂಕೋ ಎಂಬುದು ಮನೆಯಲ್ಲೇ ತಿಳಿಯುತ್ತದೆಯೇ ಸರ್?

ನವನಗರ: ಒಂದೇ ಮನೆಯಿಂದ ತಿಳಿಯುವುದಿಲ್ಲ, ಏಕೆಂದರೆ ಓಎಲ್‌ಟಿ tracert ಸಾಲಿನಲ್ಲಿ ಕಾಣುವುದೇ ಇಲ್ಲ. ಬೇರೆ ಬ್ಲಾಕಿನ ಪರಿಚಯದವರೊಬ್ಬರು, ಅದೇ ಕಂಪನಿಯ ಸಂಪರ್ಕವಿರುವವರು, ನಿಮ್ಮೊಂದಿಗೆ ಅದೇ ನಿಮಿಷಕ್ಕೆ ಪಿಂಗ್ ಓಡಿಸಲಿ. ಬ್ಲಾಕುಗಳ ಪೋರ್ಟ್ ಬೇರೆ ಬೇರೆಯಾಗಿದ್ದು, ಎರಡರಲ್ಲೂ ಒಟ್ಟಿಗೆ ಏರಿದರೆ ಹೊರಗಿನ ಲಿಂಕಿನ ಮೇಲೆ ಸಂಶಯ, ನಿಮ್ಮಲ್ಲಿ ಮಾತ್ರ ಏರಿದರೆ ನಿಮ್ಮ ಪೋರ್ಟಿನ ಮೇಲೆ. ಊರಿನ ಬೇರೆ ಬಡಾವಣೆಯವರಲ್ಲೂ ಏರಿದರೆ ಇನ್ನೂ ಮೇಲೆ ಹುಡುಕಬೇಕು. ಇಷ್ಟರಿಂದ ಸಂಶಯ ಗಟ್ಟಿಯಾಗುತ್ತದೆ, ಪುರಾವೆ ಮಾತ್ರ ಕಂಪನಿಯ ಬಳಿಯ ಪೋರ್ಟ್ ಗ್ರಾಫ್.

ಕೇಳಿದವರು: ನಿನ್ನೆ ರಾತ್ರಿ ಮಾಡಿ ನೋಡಿದೆವು. ರೂಟರಿಗೆ 1, ಗೇಟ್‌ವೇಗೆ 48, ಬೆಳಕು -19ರಲ್ಲೇ ನಿಂತಿದೆ. ಸಿ ಬ್ಲಾಕಿನ ಅಕ್ಕನವರ ಮನೆಯಲ್ಲಿ ಆ ಹೊತ್ತಿಗೆ ಬರೀ 6 ಬಂತು, ಆದರೆ ಅವರ ಪ್ಲಾನ್ ಹಳೆಯದು, ಗೇಟ್‌ವೇ ವಿಳಾಸವೂ ನಮ್ಮದಲ್ಲ. ಇದನ್ನು ನಮ್ಮ ಪೋರ್ಟಿನ ದೋಷವೆಂದು ಹೇಳಬಹುದೇ?

ನವನಗರ: ಗೇಟ್‌ವೇ ಬೇರೆ ಇದ್ದರೆ ಮುಂದಿನ ದಾರಿಯೂ ಬೇರೆ ಇರಬಹುದು, ಹಾಗಾಗಿ ಈಗಲೇ ಹೇಳಲಾಗದು. ನಿಮ್ಮದೇ ಗೇಟ್‌ವೇ ವಿಳಾಸ ಬರುವ ಇನ್ನೊಂದು ಬ್ಲಾಕಿನ ಮನೆಯನ್ನು ಹುಡುಕಿ. ಅಷ್ಟರಲ್ಲಿ ಈ ಅಂಕಿಗಳನ್ನು ಸಮಯಸಹಿತ ಬರೆದು ದೂರಿನೊಂದಿಗೆ ಕಳಿಸಿ, ರಾತ್ರಿ ಒಂಬತ್ತಕ್ಕೆ ಆ ಹೊರಗಿನ ಲಿಂಕಿನ, ಅಂದರೆ ಅಪ್‌ಲಿಂಕಿನ, ಬಳಕೆ ಎಷ್ಟೆಂದು ನೇರವಾಗಿ ಕೇಳಿ.