ಪದ ಬೇಕು: ಶಿಲ್ಪದ ಸುತ್ತ ನಡೆಯುವವರನ್ನು ‘ನೋಡುಗ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪ್ರದರ್ಶನದ ಗೋಡೆಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ವಿಷಯ ಮಿನಿಮಲಿಸ್ಟ್ ಶಿಲ್ಪ. ಅಮೆರಿಕದ ಶಿಲ್ಪಿ ರಾಬರ್ಟ್ ಮಾರಿಸ್ 1965ರಲ್ಲಿ ಮಾಡಿದ ಮೂರು ‘ಎಲ್’ ತೊಲೆಗಳ ಬಗ್ಗೆ ಒಂದು ಪ್ಯಾರಾ ಇದೆ. ಮೂರೂ ಒಂದೇ ಅಳತೆ, ಒಂದೇ ಆಕಾರ. ಒಂದನ್ನು ಮಲಗಿಸಿದ್ದಾರೆ, ಒಂದನ್ನು ನೆಟ್ಟಗೆ ನಿಲ್ಲಿಸಿದ್ದಾರೆ, ಇನ್ನೊಂದು ಎರಡು ತುದಿಗಳನ್ನು ಊರಿಕೊಂಡು ಕಮಾನಿನ ಹಾಗೆ ನಿಂತಿದೆ. ಆ ಪ್ಯಾರಾದಲ್ಲಿ ‘ವ್ಯೂವರ್’ ಆರು ಸಲ ಬರುತ್ತದೆ. ‘ನೋಡುಗ’ ಅಂತ ಹಾಕಿದೆ. ಓದಿದರೆ ಬರೀ ಕಣ್ಣು ಉಳಿಯುತ್ತದೆ. ಆದರೆ ಮೂಲ ಹೇಳುತ್ತಿರುವುದು ಮೈಯ ಬಗ್ಗೆ, ಕೋಣೆಯ ಬಗ್ಗೆ. ಯಾವ ಪದ ಹಾಕಲಿ?

* * *

ನೋಟಕ. ಹಳೆಯ ಪದ, ಚೆನ್ನಾಗಿದೆ, ಮುಗೀತು. ‘ವೀಕ್ಷಕ’, ‘ಪ್ರೇಕ್ಷಕ’ ಎರಡೂ ಬೇಡ. ‘ನೋಟ’ ನಮ್ಮಲ್ಲೇ ಇರುವಾಗ ಸಂಸ್ಕೃತದ ‘ಈಕ್ಷಣ’ವನ್ನು ಯಾಕೆ ಹೊತ್ತು ತರಬೇಕು?

* * *

‘ನೋಟಕ’ದ ಕೊನೆಯ ‘ಕ’ ಎಲ್ಲಿಂದ ಬಂತು ಅಂತ ಮೊದಲು ಹೇಳಿ ಸರ್, ಆಮೇಲೆ ‘ವೀಕ್ಷಕ’ವನ್ನು ಹೊರಗೆ ಹಾಕೋಣ.

ನನ್ನ ಮತ ‘ಪ್ರೇಕ್ಷಕ’ಕ್ಕೆ. ವಿಮರ್ಶಕ ಮೈಕಲ್ ಫ್ರೀಡ್ 1967ರಲ್ಲಿ ಈ ಕೃತಿಗಳಲ್ಲಿ ನಾಟಕೀಯತೆ ಇದೆ ಅಂತಲೇ ಬರೆದಿದ್ದಾರೆ. ನಾಟಕ ಅಂದಮೇಲೆ ಪ್ರೇಕ್ಷಕ ತಾನೇ?

* * *

ಹೋದ ವರ್ಷ ಮನೆಯ ಒಳಾಂಗಣದ ಬಗ್ಗೆ ಒಂದು ಲೇಖನ ಅನುವಾದ ಮಾಡಿದಾಗ ನಾನು ‘ಮಿನಿಮಲಿಸ್ಟ್’ಗೆ ‘ಸರಳ’ ಅಂತ ಹಾಕಿದೆ. ಸಾಮಾನು ಕಮ್ಮಿ, ಜಾಗ ಜಾಸ್ತಿ ಅನ್ನೋದೇ ಅಲ್ವಾ ಅದು? ‘ಸರಳ ಶಿಲ್ಪ’ ಅನ್ನಿ, ಎಲ್ಲರಿಗೂ ತಿಳಿಯುತ್ತದೆ.

* * *

ಮೇಡಂ, ಅವರು ಕೇಳಿದ್ದು ‘ಮಿನಿಮಲಿಸ್ಟ್’ಗಲ್ಲ. ಅಲ್ಲದೆ ಆ ತೊಲೆಗಳ ನಡುವೆ ನಿಂತರೆ ಸರಳವಾದದ್ದು ಏನೂ ಇರುವುದಿಲ್ಲ. ನಾನು ಶಿಲ್ಪಗಳನ್ನು ಪ್ರದರ್ಶನಕ್ಕೆ ಜೋಡಿಸುವ ಕೆಲಸ ಮಾಡಿದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದೊಂದು ತೋಳು ಸುಮಾರು 8 ಅಡಿ. ನೆಟ್ಟಗೆ ನಿಂತದ್ದು ನಿಮ್ಮ ತಲೆಗಿಂತ ಮೇಲೆ ಹೋಗುತ್ತದೆ. ಮಲಗಿದ್ದರ ಮೇಲಿಂದ ಆಚೆ ನೋಡಬಹುದು. ಕಮಾನಿನ ಹಾಗಿರುವುದು ಎರಡು ಕಾಲಿನ ಮೇಲೆ ಭಾರ ಬಿಟ್ಟಂತೆ ಕಾಣುತ್ತದೆ. ಮೂರೂ ಒಂದೇ ಅಂತ ತಲೆಗೆ ಗೊತ್ತು, ಆದರೆ ಮೈ ಒಪ್ಪುವುದಿಲ್ಲ. ಒಂದು ದಪ್ಪ ಅನ್ನಿಸುತ್ತದೆ, ಒಂದು ಹಗುರ ಅನ್ನಿಸುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಅದೂ ಬದಲಾಗುತ್ತದೆ. ತೊಲೆ ಇದ್ದಲ್ಲೇ ಇದೆ, ಬದಲಾದದ್ದು ನೀವು ನಿಂತ ಜಾಗ. ಇದನ್ನೇ ನಿಮ್ಮ ಪ್ಯಾರಾ ಹೇಳುತ್ತಿರುವುದು.

‘ಪ್ರೇಕ್ಷಕ’ ಹಾಕಿದರೆ ಎರಡು ತೊಂದರೆ. ಪ್ರೇಕ್ಷಕ ಕೂತಿರುತ್ತಾನೆ, ಇಲ್ಲಿ ನಡೆಯಬೇಕು. ಇನ್ನೊಂದು, ಫ್ರೀಡ್ ನಾಟಕೀಯ ಅಂದದ್ದು ಹೊಗಳಿಕೆಯಲ್ಲ, ಆರೋಪ. ಯಾರಾದರೂ ಬರಲಿ ಅಂತ ಕೃತಿ ಕಾದು ಕೂತಿದೆ, ಬಂದವರನ್ನು ಬಿಡುವುದಿಲ್ಲ ಅನ್ನುವುದು ಅವರ ತಕರಾರು. ಆ ಪದ ಗೋಡೆಯ ಮೇಲೆ ಬಂದರೆ ಮಾರಿಸ್ ಪರ ಬರೆದ ಪಠ್ಯ ಎದುರಾಳಿಯ ಮಾತಾಡುತ್ತದೆ.

ಅಳತೆಯ ವಿಷಯಕ್ಕೆ ಕನ್ನಡದಲ್ಲಿ ಸಿದ್ಧ ಪದವೇ ಇದೆ: ಆಳೆತ್ತರ. ಇನ್ನೊಬ್ಬ ಶಿಲ್ಪಿ ಟೋನಿ ಸ್ಮಿತ್ 1962ರಲ್ಲಿ ಮಾಡಿಸಿದ ಉಕ್ಕಿನ ಘನ ಎಲ್ಲ ಕಡೆಯೂ 6 ಅಡಿ. ಇನ್ನೂ ದೊಡ್ಡದು ಯಾಕಲ್ಲ ಅಂದಿದ್ದಕ್ಕೆ ತಾನು ಮಾಡಿದ್ದು ಸ್ಮಾರಕವಲ್ಲ ಅಂದರು, ಚಿಕ್ಕದು ಯಾಕಲ್ಲ ಅಂದಿದ್ದಕ್ಕೆ ಬರೀ ಒಂದು ವಸ್ತುವೂ ಅಲ್ಲ ಅಂದರು. ಮಾರಿಸ್ 1966ರ ಬರಹದಲ್ಲಿ ಇದನ್ನೇ ಮುಂದಕ್ಕೆ ತಗೊಂಡು ಹೋಗುತ್ತಾರೆ. ನಾವು ಗಾತ್ರ ಅಳೆಯುವುದು ನಮ್ಮ ಮೈಯಿಂದ. ಚಿಕ್ಕದರ ಹತ್ತಿರ ಹೋಗುತ್ತೇವೆ, ದೊಡ್ಡದರಿಂದ ಹಿಂದೆ ಸರಿಯುತ್ತೇವೆ, ಹಾಗೆ ಸರಿಯುವಾಗ ನಡುವಿನ ನೆಲವೂ ಕೃತಿಯೊಳಗೆ ಸೇರುತ್ತದೆ. ಗೇಣು, ಮೊಳ, ಮಾರು ಬಳಸಿದ ಭಾಷೆಗೆ ಇದು ಹೊಸದಲ್ಲ.

ಆರು ಕಡೆಯೂ ನಾಮಪದ ಬೇಕಾಗಿಲ್ಲ. ಕನ್ನಡದಲ್ಲಿ ಕ್ರಿಯಾಪದವೇ ಸಾಕು: ‘ಸುತ್ತಿ ಬಂದಂತೆ ತೊಲೆ ಬೇರೆಯಾಗಿ ಕಾಣುತ್ತದೆ’. ನಾಮಪದ ಬೇಕೇಬೇಕು ಅನ್ನುವ ಕಡೆ ‘ಬಂದವರು’ ಅನ್ನಿ. ಒಂದು ಪರೀಕ್ಷೆ ಇದೆ. ವಾಕ್ಯದಲ್ಲಿ ತೊಲೆಯ ಬದಲು ಸಿನಿಮಾ ಅಂತ ಹಾಕಿ ನೋಡಿ. ಆಗಲೂ ಸರಿಯಾಗಿಯೇ ಓದಿಸಿಕೊಂಡರೆ ಅನುವಾದದಲ್ಲಿ ಮೈ ಕಳೆದುಹೋಗಿದೆ ಅಂತ ಅರ್ಥ.

ಹಾಗೇ, ತೊಲೆಗಳ ಸುತ್ತ ಹಗ್ಗ ಕಟ್ಟುತ್ತಾರಾ ಅಂತ ಕೇಳಿಕೊಳ್ಳಿ. ಕಟ್ಟಿದರೆ ಬಂದವರು ಒಂದೇ ಕಡೆಯಿಂದ ನೋಡಿ ಹೋಗುತ್ತಾರೆ, ನಿಮ್ಮ ವಾಕ್ಯ ಸುಳ್ಳಾಗುತ್ತದೆ.

* * *

‘ಆಳೆತ್ತರ’ ಸೊಗಸಾಗಿದೆ, ಒಪ್ಪಿದೆ. ಹಾಗಿದ್ದರೆ ‘ಗ್ಯಾಲರಿ’ ಯಾಕೆ ಉಳಿಯಬೇಕು? ‘ಮಿನಿಮಲಿಸ್ಟ್’ ಯಾಕೆ? ಒಂದು ಪದಕ್ಕೆ ಬಾಗಿಲು ತೆಗೆದರೆ ಹತ್ತು ನುಗ್ಗುತ್ತವೆ.

* * *

ಸುಮ್ನೆ ಹಠ ಇದು. ‘ಮೇಜು’, ‘ಕುರ್ಚಿ’ ನುಗ್ಗಿದ್ದರಿಂದ ಕನ್ನಡಕ್ಕೆ ಏನು ಕೆಟ್ಟಿತು?

* * *

ತುಂಬಾ ಉಪಕಾರ ಆಯಿತು. ಐದು ಕಡೆ ನಾಮಪದ ತೆಗೆದೆ, ಒಂದು ಕಡೆ ‘ಬಂದವರು’ ಅಂತ ಹಾಕಿದೆ. ಹಗ್ಗದ ಬಗ್ಗೆ ಕೇಳಿ ಈಗಷ್ಟೇ ಫೋನ್ ಮಾಡಿದೆ, ಇನ್ನೂ ತೀರ್ಮಾನ ಮಾಡಿಲ್ಲವಂತೆ. ‘ಗ್ಯಾಲರಿ’ ಹಾಗೇ ಇರಲಿ, ಬಾಗಿಲ ಮೇಲೂ ಅದೇ ಬರೆದಿದೆ. ಒಂದು ಮಾತ್ರ ಇನ್ನೂ ಕಾಡುತ್ತಿದೆ. ‘ಸ್ಪೇಸ್’ಗೆ ‘ಜಾಗ’ ಹಾಕಿದರೆ ನಿಂತ ನೆಲ ಮಾತ್ರ ಆಗುತ್ತದೆ. ‘ಅವಕಾಶ’ ಅಂದರೆ ಓದುವವರು ಚಾನ್ಸ್ ಅಂದುಕೊಳ್ಳುತ್ತಾರೆ. ತೊಲೆಗೂ ಗೋಡೆಗೂ ನಡುವೆ ಖಾಲಿ ಇರುತ್ತದಲ್ಲ, ಅದಕ್ಕೆ ‘ತೆರಪು’ ಆದೀತಾ?